ಲೋಹವೇ ಇಲ್ಲದ ಜಾಗದಲ್ಲಿ ತೂಕದ ನಡು

ಎಲ್ ಆಕಾರದ ಉಕ್ಕಿನ ತಗಡು. ನಿಂತ ತೋಳಿನ ಎತ್ತರ 12 ಸೆಂ.ಮೀ., ಮಲಗಿದ ಪಾದದ ಉದ್ದ ಮೂಲೆಯೂ ಸೇರಿ 8 ಸೆಂ.ಮೀ. ಎರಡರ ಅಗಲವೂ 2 ಸೆಂ.ಮೀ. ಇದನ್ನು ಸಮತಟ್ಟಾಗಿ ಒಂದೇ ಬೆರಳ ಮೇಲೆ ನಿಲ್ಲಿಸಲು ನೋಡಿ: ಎಲ್ಲಿ ಬೆರಳಿಟ್ಟರೂ ವಾಲುತ್ತದೆ. ಕಾರಣ ತಿಳಿಯಲು ಅದರ ಗುರುತ್ವಕೇಂದ್ರ ಎಲ್ಲಿದೆ ಎಂದು ಹುಡುಕಬೇಕು.

ಆಯತದ ಗುರುತ್ವಕೇಂದ್ರ ಹುಡುಕುವುದು ಸುಲಭ, ಎರಡು ಕರ್ಣಗಳು ಕೂಡುವ ಬಿಂದುವೇ ಅದು. ಹಾಗಾಗಿ ತಗಡನ್ನು ಎರಡು ಆಯತಗಳಾಗಿ ಒಡೆಯೋಣ. ಹೊರಮೂಲೆಯಿಂದ ಬಲಕ್ಕೂ ಮೇಲಕ್ಕೂ ಅಳೆಯೋಣ. ನಿಂತ ತೋಳು ಪೂರ್ತಿ ಒಂದು ಆಯತ: ವಿಸ್ತೀರ್ಣ 24 ಚದರ ಸೆಂ.ಮೀ., ನಡುಬಿಂದು ಬಲಕ್ಕೆ 1, ಮೇಲಕ್ಕೆ 6. ಪಾದದಲ್ಲಿ ಉಳಿದದ್ದು 6 ಸೆಂ.ಮೀ. ಉದ್ದ: ವಿಸ್ತೀರ್ಣ 12, ನಡುಬಿಂದು ಬಲಕ್ಕೆ 5, ಮೇಲಕ್ಕೆ 1.

ಈ ಎರಡು ನಡುಬಿಂದುಗಳ ಸರಾಸರಿ ತೆಗೆದು ಮುಗಿಸುವವರೇ ಹೆಚ್ಚು. ಆದರೆ ತೋಳು ಪಾದದ ಎರಡರಷ್ಟು ಭಾರ, ಅದರ ಮಾತು ಎರಡು ಪಟ್ಟು ನಡೆಯಬೇಕು. ಆದ್ದರಿಂದ ಪ್ರತಿ ದೂರವನ್ನೂ ಅದರ ವಿಸ್ತೀರ್ಣದಿಂದ ಗುಣಿಸಿ, ಕೂಡಿಸಿ, ಒಟ್ಟು ವಿಸ್ತೀರ್ಣ 36ರಿಂದ ಭಾಗಿಸಬೇಕು. ಬಲಕ್ಕೆ 24 + 60 = 84, ಭಾಗಿಸಿದರೆ ಸುಮಾರು 2.33. ಮೇಲಕ್ಕೆ 144 + 12 = 156, ಭಾಗಿಸಿದರೆ 4.33. ತೋಳಿನ ಅಗಲ ಬರೀ 2 ಸೆಂ.ಮೀ. ಅಂದರೆ ಗುರುತ್ವಕೇಂದ್ರ ಬಿದ್ದಿರುವುದು ಒಳಮೂಲೆಯ ಹೊರಗೆ, ಬಯಲಲ್ಲಿ. ಅಲ್ಲಿ ಬೆರಳಿಡಲು ಲೋಹವೇ ಇಲ್ಲ!

ಇಲ್ಲಿ ಎಡವುವುದು ಸಾಮಾನ್ಯವಾಗಿ ಮೂಲೆಯಲ್ಲಿ. ತೋಳಿಗೆ 24, ಪಾದಕ್ಕೆ 16 ಎಂದು ಬರೆದರೆ ಮೂಲೆಯ 4 ಚದರ ಸೆಂ.ಮೀ. ಎರಡು ಸಲ ಲೆಕ್ಕಕ್ಕೆ ಬಂದಿರುತ್ತದೆ. ಬಿಂದು 2.2 ಮತ್ತು 4ಕ್ಕೆ ಸರಿಯುತ್ತದೆ. ನೋಡಲು ತಪ್ಪೆನಿಸುವುದೇ ಇಲ್ಲ. ಹೀಗಾಗಿ ಮೊದಲು ಒಟ್ಟು ವಿಸ್ತೀರ್ಣ ತಾಳೆ ನೋಡಬೇಕು. 8 × 12ರ ಇಡೀ ಆಯತದಿಂದ ಖಾಲಿ ಇರುವ 6 × 10 ಕಳೆದರೆ 36 ಬರಬೇಕು, 40 ಅಲ್ಲ.

ನನಗೆ ಇದಕ್ಕಿಂತ ಇಷ್ಟವಾದ ಇನ್ನೊಂದು ತಾಳೆ ಇದೆ. ಅದಕ್ಕೆ ಅಂಕಿಯೇ ಬೇಡ, ಸ್ಕೇಲು ಮತ್ತು ಪೆನ್ಸಿಲ್ ಸಾಕು. ಎರಡು ಆಯತಗಳ ಒಟ್ಟು ಗುರುತ್ವಕೇಂದ್ರ ಅವುಗಳ ನಡುಬಿಂದುಗಳನ್ನು ಸೇರಿಸುವ ಗೆರೆಯ ಮೇಲೆಯೇ ಇರಬೇಕು. ಮೊದಲು ಒಡೆದಂತೆ ಒಂದು ಗೆರೆ ಎಳೆಯಿರಿ. ಈಗ ಮೂಲೆಯನ್ನು ಪಾದಕ್ಕೆ ಬಿಟ್ಟುಕೊಟ್ಟು, ತೋಳನ್ನು 10 ಸೆಂ.ಮೀ.ಗೆ ಇಳಿಸಿ, ಮತ್ತೆ ಒಡೆದು ಇನ್ನೊಂದು ಗೆರೆ ಎಳೆಯಿರಿ. ಗುರುತ್ವಕೇಂದ್ರ ಎರಡೂ ಗೆರೆಗಳ ಮೇಲೆ ಇರಬೇಕಾದ್ದರಿಂದ, ಅವು ಕತ್ತರಿಸುವ ಕಡೆಯೇ ಅದು. ಅಳೆದು ನೋಡಿದರೆ ಅದೇ 2.33, 4.33.

ಇದೆಲ್ಲ ತಗಡಿನ ದಪ್ಪ ಎಲ್ಲೆಡೆ ಒಂದೇ ಇದ್ದಾಗ ಮಾತ್ರ. ಮೂಲೆಯಾಚೆಯ ಪಾದ ಎರಡು ಪಟ್ಟು ದಪ್ಪವಿದ್ದರೆ ವಿಸ್ತೀರ್ಣದ ಬದಲು ತೂಕ ಹಿಡಿಯಬೇಕು. ಆಗ ಎರಡೂ ತುಂಡು ಸಮಭಾರ, ಗುರುತ್ವಕೇಂದ್ರ ಮೊದಲ ಗೆರೆಯ ನಟ್ಟನಡುವೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಉಕ್ಕಿನ ಆ್ಯಂಗಲ್‌ಗೂ ಈ ಲೆಕ್ಕ ಹತ್ತಿರದ್ದೇ ಹೊರತು ಪಕ್ಕಾ ಅಲ್ಲ. ಅದರ ಒಳಮೂಲೆಯನ್ನು ದುಂಡಗೆ ತುಂಬಿ, ತೋಳುಗಳ ತುದಿಯ ಅಂಚನ್ನು ಉರುಟಾಗಿಸಿರುತ್ತಾರೆ.