ಸಿಹಿ ಗಂಟಲಿಗೆ ಬರಲು ಎಷ್ಟು ಹೊತ್ತು?

ಕಿವಿ-ಮೂಗು-ಗಂಟಲಿನ ವೈದ್ಯರು ಮಾಡುವ ಒಂದು ಹಳೆಯ ಪರೀಕ್ಷೆಯಿದೆ. ಅದಕ್ಕೆ ಬೇಕಾಗುವುದು ಸ್ಯಾಕರಿನ್ ಎಂಬ ಸಿಹಿವಸ್ತುವಿನ ಒಂದು ಚೂರು ಮತ್ತು ಒಂದು ಗಡಿಯಾರ ಮಾತ್ರ. ಸಾಸಿವೆಕಾಳಿಗಿಂತ ಚಿಕ್ಕದಾದ ಆ ಚೂರನ್ನು ಮೂಗಿನೊಳಗೆ ಪಕ್ಕದ ಗೋಡೆಯಿಂದ ಚಾಚಿಕೊಂಡಿರುವ ಕೆಳಮಡಿಕೆಯ ಮೇಲೆ, ಅದರ ಮುಂತುದಿಯಿಂದ ಸುಮಾರು 1 ಸೆಂಟಿಮೀಟರ್ ಹಿಂದಕ್ಕೆ ಇಡುತ್ತಾರೆ. ಆಮೇಲೆ ಸುಮ್ಮನೆ ಕೂರಬೇಕು. ಸೀನುವಂತಿಲ್ಲ, ಮೂಗು ಎಳೆಯುವಂತಿಲ್ಲ, ತಲೆ ಹಿಂದಕ್ಕೆ ವಾಲಿಸುವಂತಿಲ್ಲ. ಆಗಾಗ ಉಗುಳು ನುಂಗುತ್ತಿದ್ದರೆ ಸಾಕು. ಆರೋಗ್ಯವಂತರಿಗೆ ಸಾಮಾನ್ಯವಾಗಿ 10ರಿಂದ 20 ನಿಮಿಷದೊಳಗೆ ಗಂಟಲಲ್ಲಿ ಸಿಹಿ ತಿಳಿಯುತ್ತದೆ. ಅರ್ಧ ಗಂಟೆ ದಾಟಿದರೆ ವೈದ್ಯರಿಗೆ ಅನುಮಾನ ಬರುತ್ತದೆ. ಒಂದು ಗಂಟೆಯಾದರೂ ತಿಳಿಯದಿದ್ದರೆ, ಮೊದಲು ಸ್ಯಾಕರಿನ್ನನ್ನು ನೇರವಾಗಿ ನಾಲಗೆಯ ಮೇಲಿಟ್ಟು, ಆ ವ್ಯಕ್ತಿಗೆ ಅದರ ರುಚಿ ಗೊತ್ತಾಗುತ್ತದೆಯೇ ಎಂದು ನೋಡುತ್ತಾರೆ. ಗೊತ್ತಾದರೆ, ತೊಂದರೆ ಇರುವುದು ನಾಲಗೆಯಲ್ಲಲ್ಲ, ದಾರಿಯಲ್ಲಿ.

ಆ ಚೂರನ್ನು ಮೂಗಿನಿಂದ ಗಂಟಲಿಗೆ ಹೊತ್ತು ತಂದವರು ಯಾರು? ಉಸಿರಂತೂ ಅಲ್ಲ, ಅದು ಒಳಕ್ಕೆ ಹೋದಷ್ಟೇ ಸಲ ಹೊರಕ್ಕೂ ಬರುತ್ತದೆ. ಹೊತ್ತು ತಂದದ್ದು ಮೂಗಿನ ಒಳಹಾಸಿನ ಜೀವಕೋಶಗಳು, ಅದರಲ್ಲೂ ಎರಡು ಬಗೆಯವು. ಒಂದು ಅಂಟು ತಯಾರಿಸುತ್ತದೆ, ಇನ್ನೊಂದು ಆ ಅಂಟನ್ನು ಸಾಗಿಸುತ್ತದೆ.

ಮೂಗಿನ ಹೊಳ್ಳೆಯ ಬಾಯಲ್ಲಿ ಈ ಎರಡೂ ಇಲ್ಲ. ಅಲ್ಲಿರುವುದು ಹೊರಚರ್ಮದ ಮುಂದುವರಿಕೆ: ಪದರದ ಮೇಲೆ ಪದರವಾಗಿ ಕೂತ ಚಪ್ಪಟೆ ಕೋಶಗಳು, ಜೊತೆಗೆ ಒರಟು ಕೂದಲು. ಸ್ವಲ್ಪ ಒಳಗೆ ಹೋದರೆ ಚಿತ್ರ ಬದಲಾಗುತ್ತದೆ. ಎತ್ತರದ, ಕಂಬದಂಥ ಕೋಶಗಳು ಒತ್ತಾಗಿ ನಿಂತಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ನಾಲ್ಕೈದು ಪದರಗಳಿರುವಂತೆ ಕಾಣುತ್ತವೆ, ಆದರೆ ಎಲ್ಲದರ ಬುಡವೂ ಒಂದೇ ನೆಲದ ಮೇಲೆ ಊರಿರುತ್ತದೆ. ಎತ್ತರ ಬೇರೆ ಬೇರೆ ಇರುವುದರಿಂದ ನಮಗೆ ಪದರಗಳೆಂಬ ಭ್ರಮೆ ಹುಟ್ಟುತ್ತದೆ. ಮೂಗಿನಿಂದ ಶ್ವಾಸನಾಳ ಮತ್ತು ಅದರ ದೊಡ್ಡ ಕವಲುಗಳವರೆಗೆ ಹೆಚ್ಚಿನ ಕಡೆ ಇದೇ ಹಾಸು. ಮೂಗಿನ ಚಾವಣಿಯಲ್ಲಿ ಮಾತ್ರ ವಾಸನೆ ಹಿಡಿಯುವ ನರಕೋಶಗಳ ಒಂದು ಪುಟ್ಟ ತೇಪೆ ಇದೆ.

ಈ ಹಾಸು ನಡುವೆ ಕಡಿದುಹೋಗುವ ಜಾಗಗಳನ್ನು ನೋಡಿದರೆ ಅದರ ಸ್ವಭಾವ ಅರ್ಥವಾಗುತ್ತದೆ. ಬಾಯಿಯ ಹಿಂದಿನ ಗಂಟಲಿನಲ್ಲಿ ಅನ್ನ-ರೊಟ್ಟಿ ಉಜ್ಜಿಕೊಂಡು ಹೋಗುತ್ತದೆ. ಧ್ವನಿತಂತುಗಳಂತೂ ನಾವು ಮಾತಾಡುವಾಗ ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ನಾಜೂಕಾದ ಕಂಬಕೋಶಗಳು ಇಂಥ ಪೆಟ್ಟು ತಾಳಲಾರವು. ಹಾಗಾಗಿ ಈ ಎರಡೂ ಕಡೆ ಮತ್ತೆ ಚಪ್ಪಟೆ ಕೋಶಗಳ ಗಟ್ಟಿ ಪದರವೇ ಬಂದಿದೆ. ಹಾಗಾದರೆ ಶ್ವಾಸನಾಳದಿಂದ ಮೇಲೆ ಬರುವ ಲೋಳೆ ಧ್ವನಿತಂತುಗಳನ್ನು ದಾಟುವುದು ಹೇಗೆ? ಎರಡು ತಂತುಗಳ ಹಿಂಬದಿಯ ಮೂಲೆಯಲ್ಲಿ ಕಂಬಕೋಶಗಳ ಒಂದು ಕಿರುದಾರಿ ಉಳಿದುಕೊಂಡಿದೆ. ಲೋಳೆ ಅಲ್ಲಿಂದ ಹತ್ತಿ ಗಂಟಲು ಸೇರುತ್ತದೆ. ಮೂಗಿನ ಲೋಳೆ ಹಿಂದಕ್ಕೆ ಸರಿದು, ಎದೆಯ ಲೋಳೆ ಮೇಲಕ್ಕೆ ಹತ್ತಿ, ಎರಡೂ ಇಲ್ಲೇ ಕೂಡುತ್ತವೆ. ನಮಗೆ ಗೊತ್ತಾಗದಂತೆಯೇ ಅದನ್ನು ನುಂಗುತ್ತಿರುತ್ತೇವೆ, ಅದು ಹೊಟ್ಟೆಯ ಆಮ್ಲಕ್ಕೆ ಹೋಗಿ ಬೀಳುತ್ತದೆ.

ಈಗ ಅಂಟು ತಯಾರಿಸುವ ಗೋಬ್ಲೆಟ್ ಕೋಶಕ್ಕೆ ಬರೋಣ. ಕಾಲುಳ್ಳ ಪಾನಪಾತ್ರೆಗೆ ಇಂಗ್ಲಿಷಿನಲ್ಲಿರುವ ಹೆಸರೇ ಇದಕ್ಕೆ ಬಂದಿದೆ. ಬುಡ ಸಪೂರ, ಮೇಲ್ಭಾಗ ಉಬ್ಬು. ಉಬ್ಬಿದ ಭಾಗದಲ್ಲಿ ತುಂಬಿರುವುದು ಮ್ಯೂಸಿನ್ ಎಂಬ, ಸಕ್ಕರೆಯ ಸರಪಳಿಗಳು ಅಂಟಿಕೊಂಡ ಪ್ರೋಟೀನು. ಅದು ಅಲ್ಲಿ ಲೋಳೆಯ ರೂಪದಲ್ಲಿ ಇರುವುದಿಲ್ಲ, ಕ್ಯಾಲ್ಸಿಯಂ ಜೊತೆ ಒತ್ತೊತ್ತಾಗಿ ಮಡಚಿಕೊಂಡು ಸಣ್ಣ ಸಣ್ಣ ಉಂಡೆಗಳಾಗಿರುತ್ತದೆ. ಹೊಗೆಯೋ ಧೂಳೋ ಸೋಂಕೋ ಕೆಣಕಿದಾಗ ಕೋಶ ಆ ಉಂಡೆಗಳನ್ನು ಹೊರಕ್ಕೆ ಬಿಡುತ್ತದೆ. ಕ್ಯಾಲ್ಸಿಯಂ ಬಿಟ್ಟುಹೋಗುತ್ತದೆ, ಮ್ಯೂಸಿನ್ ನೀರು ಹೀರುತ್ತದೆ, ಸೆಕೆಂಡುಗಳಲ್ಲಿ ನೂರಾರು ಪಟ್ಟು ಊದಿಕೊಳ್ಳುತ್ತದೆ. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ ಲೋಳೆ ಕಟ್ಟುವುದನ್ನು ನೋಡಿದವರಿಗೆ ಇದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ, ಆದರೆ ಇಲ್ಲಿ ಆ ಕೆಲಸ ಬಹಳ ಬೇಗ ಮುಗಿಯುತ್ತದೆ. ಒಳ್ಳೆಯ ಲೋಳೆಯಲ್ಲಿ ನೂರಕ್ಕೆ 97 ಪಾಲು ನೀರೇ. ದೊಡ್ಡ ನಾಳಗಳ ಗೋಡೆಯೊಳಗೆ ಹುದುಗಿದ ಗ್ರಂಥಿಗಳೂ ಇದಕ್ಕೆ ತಮ್ಮ ಪಾಲು ಸೇರಿಸುತ್ತವೆ. ಉಸಿರಿನ ಜೊತೆ ಬಂದ ಧೂಳು, ಪರಾಗ, ಬ್ಯಾಕ್ಟೀರಿಯಾ ಇದಕ್ಕೆ ಅಂಟಿಕೊಳ್ಳುತ್ತವೆ. ಸಿಂಬಳವನ್ನು ಹೊಲಸೆಂದು ಹೇಸುವುದನ್ನೇ ಮಕ್ಕಳಿಗೆ ಕಲಿಸುತ್ತೇವೆ. ಹೊಲಸನ್ನು ಹಿಡಿದು ನಿಲ್ಲಿಸಿದ್ದು ಅದೇ ಎಂಬುದನ್ನೂ ಹೇಳಬೇಕೆಂದು ನನ್ನ ಆಸೆ.

ಆದರೆ ಗೋಬ್ಲೆಟ್ ಕೋಶಕ್ಕೆ ತಾನು ಬಿಟ್ಟ ಲೋಳೆಯನ್ನು ಕೂದಲೆಳೆಯಷ್ಟೂ ಸರಿಸುವ ಶಕ್ತಿಯಿಲ್ಲ. ಅದು ಲೋಮಾಂಗವುಳ್ಳ ಕೋಶಗಳ ಕೆಲಸ. ಶ್ವಾಸನಾಳದಲ್ಲಿ ಒಂದು ಗೋಬ್ಲೆಟ್ ಕೋಶಕ್ಕೆ ಹೆಚ್ಚುಕಡಿಮೆ ಐದು ಇಂಥ ಕೋಶಗಳಿರುತ್ತವೆ. ಒಂದೊಂದರ ತಲೆಯ ಮೇಲೂ ಇನ್ನೂರು-ಮುನ್ನೂರು ಲೋಮಾಂಗಗಳು. ಒಂದು ಲೋಮಾಂಗದ ಉದ್ದ 6-7 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲು. ಅದು ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ ಬೀಸುತ್ತದೆ, ಹಗಲೂ ರಾತ್ರಿಯೂ.

ಬೀಸುವ ರೀತಿಯಲ್ಲೇ ಎಲ್ಲ ಇದೆ. ಹಿಂದೆ ಮುಂದೆ ಒಂದೇ ತರ ಬೀಸಿದರೆ ಲೋಳೆ ಇದ್ದಲ್ಲೇ ಅಲುಗಾಡುತ್ತದೆ, ಮುಂದೆ ಹೋಗುವುದಿಲ್ಲ. ಕೋಶಗಳ ಮೇಲೆ ಲೋಮಾಂಗದ ಎತ್ತರದಷ್ಟೇ ಆಳದ ತೆಳುನೀರಿನ ಪದರವಿದೆ. ಅದರ ಮೇಲೆ ಲೋಳೆಯ ಕಂಬಳಿ ತೇಲುತ್ತದೆ. ಮುಂದಕ್ಕೆ ಬೀಸುವಾಗ ಲೋಮಾಂಗ ನೆಟ್ಟಗೆ ನಿಂತು, ತುದಿಯನ್ನು ಲೋಳೆಗೆ ತಾಗಿಸಿ ತಳ್ಳುತ್ತದೆ. ಹಿಂದಕ್ಕೆ ಬರುವಾಗ ಬಾಗಿ, ತಗ್ಗಿ, ನೀರಿನೊಳಗಿಂದಲೇ ನುಸುಳಿ ಬರುತ್ತದೆ, ಲೋಳೆಯನ್ನು ಮುಟ್ಟುವುದಿಲ್ಲ. ದೋಣಿಯವನು ಹುಟ್ಟನ್ನು ನೀರಿನಿಂದ ಎತ್ತಿ ಹಿಂದಕ್ಕೆ ತರುವಂತೆ. ಆ ನೀರಿನ ಪದರ ಬತ್ತಿದರೆ ಕಂಬಳಿ ಲೋಮಾಂಗಗಳ ಮೇಲೇ ಕುಸಿದು ಅವನ್ನು ಅಮುಕಿಬಿಡುತ್ತದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಆಗುವುದು ಇದೇ.

ಶ್ವಾಸನಾಳದಲ್ಲಿ ಈ ಕಂಬಳಿ ನಿಮಿಷಕ್ಕೆ ಸುಮಾರು 5 ಮಿಲಿಮೀಟರ್ ಸರಿಯುತ್ತದೆ. ನಾಳದ ಉದ್ದ 11 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಅದರ ತಳದಲ್ಲಿ ಅಂಟಿದ ಧೂಳಿನ ಕಣ 22 ನಿಮಿಷಕ್ಕೆ ಧ್ವನಿಪೆಟ್ಟಿಗೆ ತಲುಪುತ್ತದೆ. ಒಳಗಿನ ಸಣ್ಣ ಕವಲುಗಳಲ್ಲಿ ನಡಿಗೆ ಇನ್ನೂ ಬಹಳ ನಿಧಾನ. ಅಲ್ಲಿ ಬಿದ್ದ ಕಣ ಹೊರಬರಲು ಗಂಟೆಗಟ್ಟಲೆ ಬೇಕು.

ಆ ಸಣ್ಣ ಕವಲುಗಳ ಏರ್ಪಾಡು ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ನಾಳ ಕವಲೊಡೆಯುತ್ತ ಅಗಲ 1 ಮಿಲಿಮೀಟರಿಗೆ ಇಳಿಯುವ ಹೊತ್ತಿಗೆ ಗೋಡೆಯಲ್ಲಿ ಮೃದ್ವಸ್ಥಿಯೂ ಇಲ್ಲ, ಗ್ರಂಥಿಗಳೂ ಇಲ್ಲ. ಕಂಬಕೋಶಗಳು ಗಿಡ್ಡವಾಗುತ್ತ ಚೌಕದಂತಾಗುತ್ತವೆ. ಗೋಬ್ಲೆಟ್ ಕೋಶಗಳು ವಿರಳವಾಗಿ ಇಲ್ಲವಾಗುತ್ತವೆ. ಲೋಮಾಂಗಗಳು ಮಾತ್ರ ಅವನ್ನು ದಾಟಿ ಇನ್ನೂ ಒಳಗಿನವರೆಗೆ ಇರುತ್ತವೆ. ಲೋಳೆ ಸುರಿಯುವ ಜಾಗಕ್ಕಿಂತ ಆಳದಲ್ಲೂ ಅದನ್ನು ಮೇಲೆತ್ತುವವರು ಇದ್ದೇ ಇರುತ್ತಾರೆ, ಹಾಗಾಗಿ ಲೋಳೆ ಕೆಳಕ್ಕೆ ಜಾರಿ ಗಾಳಿಗೂಡುಗಳಲ್ಲಿ ಮಡುಗಟ್ಟುವುದಿಲ್ಲ. ಅರ್ಧ ಮಿಲಿಮೀಟರಿನ ಕೊಳವೆಯನ್ನು ಮುಚ್ಚಲು ಒಂದು ತೊಟ್ಟು ಅಂಟು ಸಾಕು. ಗೋಬ್ಲೆಟ್ ಕೋಶದ ಜಾಗದಲ್ಲಿ ಇಲ್ಲಿರುವುದು ಗುಮ್ಮಟದ ತಲೆಯ ಕ್ಲಬ್ ಕೋಶ. ಅದು ಬಿಡುವ ತೆಳುರಸ ಅಂಟುವುದಿಲ್ಲ, ಒಳಗೋಡೆಯನ್ನು ಕಾಯುತ್ತದೆ. ಈ ಕೋಶಕ್ಕೆ ಹಿಂದೆ ಕ್ಲಾರಾ ಕೋಶ ಎಂಬ ಹೆಸರಿತ್ತು. ಅದನ್ನು 1937ರಲ್ಲಿ ವರ್ಣಿಸಿದ ಮ್ಯಾಕ್ಸ್ ಕ್ಲಾರಾ ನಾಜಿ ಪಕ್ಷದವನು, ಮರಣದಂಡನೆಗೆ ಗುರಿಯಾದವರ ಅಂಗಾಂಶ ಬಳಸಿದವನು. ಹೀಗಾಗಿ ವೈದ್ಯಕೀಯ ಪತ್ರಿಕೆಗಳು ಆ ಹೆಸರನ್ನು ಕೈಬಿಟ್ಟವು. ಅದು ಆಗಬೇಕಾದದ್ದೇ.

ಸಾಗಿಸುವವರು ಹುಟ್ಟಿನಿಂದಲೇ ಕೈಕಟ್ಟಿ ನಿಂತರೆ ಏನಾಗುತ್ತದೆ? 1933ರಲ್ಲಿ ಜ್ಯೂರಿಕ್‌ನ ವೈದ್ಯ ಮಾನೆಸ್ ಕಾರ್ಟಾಗೆನರ್ ಕೆಲವು ರೋಗಿಗಳನ್ನು ವರ್ಣಿಸಿದರು. ಅವರಿಗೆ ಸದಾ ಸೈನಸ್ ಸೋಂಕು, ಶ್ವಾಸನಾಳಿಕೆಗಳು ಹಿಗ್ಗಿ ಕಫ ತುಂಬಿಕೊಳ್ಳುವ ಕಾಯಿಲೆ, ಅದರ ಜೊತೆಗೆ ಹೃದಯ ಬಲಗಡೆ. ಈ ಮೂರಕ್ಕೂ ಇರುವ ನಂಟು 1976ರವರೆಗೆ ಒಗಟಾಗಿತ್ತು. ಆ ವರ್ಷ ಸ್ವೀಡನ್ನಿನ ಬ್ಯೋರ್ನ್ ಅಫ್ಜೀಲಿಯಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪ್ರಕಟಿಸಿದರು: ಇಂಥವರ ಲೋಮಾಂಗಗಳಲ್ಲಿ ಬೀಸುವ ಬಲ ಕೊಡುವ ಡೈನೀನ್ ಎಂಬ ಪ್ರೋಟೀನಿನ ತೋಳುಗಳೇ ಇಲ್ಲ. ಹೃದಯದ ಮಾತಿಗೂ ಅದರಲ್ಲೇ ಉತ್ತರವಿತ್ತು. ಭ್ರೂಣದಲ್ಲಿ ಎಡ-ಬಲ ಗೊತ್ತುಮಾಡುವುದೂ ಲೋಮಾಂಗಗಳ ಬೀಸು. ಅದು ನಿಂತರೆ ಹೃದಯ ಯಾವ ಕಡೆ ಎಂಬುದು ನಾಣ್ಯ ಚಿಮ್ಮಿದಂತೆ, ಆದ್ದರಿಂದ ಈ ದೋಷವಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಅಂಗಗಳು ಅದಲುಬದಲಾಗಿರುತ್ತವೆ.

ಇಂಥವರ ಮೂಗಿನಲ್ಲಿಟ್ಟ ಸ್ಯಾಕರಿನ್ ಗಂಟೆ ಕಳೆದರೂ ಗಂಟಲು ಮುಟ್ಟುವುದಿಲ್ಲ. ಆದರೆ ಈ ಪರೀಕ್ಷೆಯೊಂದನ್ನೇ ನಂಬಿ ರೋಗ ಹೇಳಲಾಗದು. ಇತ್ತೀಚೆಗೆ ನೆಗಡಿಯಾಗಿದ್ದರೂ ಸಿಹಿ ತಡವಾಗುತ್ತದೆ, ಏಕೆಂದರೆ ವೈರಸ್ಸುಗಳು ಲೋಮಾಂಗದ ಕೋಶಗಳನ್ನು ಉದುರಿಸಿರುತ್ತವೆ. ಚಿಕ್ಕ ಮಕ್ಕಳು ಅಷ್ಟು ಹೊತ್ತು ಸುಮ್ಮನೆ ಕೂರುವುದೂ ಇಲ್ಲ. ಅನುಮಾನ ಉಳಿದರೆ ಮೂಗಿನಿಂದ ಕೆರೆದು ತೆಗೆದ ಕೋಶಗಳ ಬೀಸನ್ನು ವೇಗದ ಕ್ಯಾಮೆರಾದಲ್ಲಿ ನೋಡುತ್ತಾರೆ, ವಂಶವಾಹಿ ಪರೀಕ್ಷೆ ಮಾಡುತ್ತಾರೆ.

ನಾಯಿಕೆಮ್ಮಿನ ಕಥೆಯೂ ಇಲ್ಲಿಗೇ ಸೇರಿದ್ದು. ಅದರ ಬ್ಯಾಕ್ಟೀರಿಯಾ ನೆಲೆಯೂರುವುದು ಲೋಮಾಂಗಗಳ ನಡುವೆಯೇ. ಅದರ ವಿಷ ಆ ಕೋಶಗಳನ್ನು ಕೊಲ್ಲುತ್ತದೆ. ಲೋಳೆ ಬರುತ್ತಲೇ ಇರುತ್ತದೆ, ಸಾಗಿಸುವವರಿಲ್ಲ. ಮಗುವಿಗೆ ಉಳಿದ ಒಂದೇ ದಾರಿ ಕೆಮ್ಮು. ಔಷಧಿಗೆ ಬ್ಯಾಕ್ಟೀರಿಯಾ ಸತ್ತಮೇಲೂ ಕೆಮ್ಮು ವಾರಗಟ್ಟಲೆ ಬಿಡದಿರಲು ಒಂದು ಕಾರಣ ಇದು: ಹಾಸಿನ ಬುಡದಲ್ಲಿ, ಮೇಲ್ಮೈ ಮುಟ್ಟದೆ ಕೂತಿರುವ ಗಿಡ್ಡ ತಳಕೋಶಗಳು ಮೊದಲು ವಿಭಜನೆಯಾಗಬೇಕು, ಅವುಗಳಿಂದ ಹೊಸ ಕೋಶಗಳು ಎದ್ದು ಲೋಮಾಂಗ ಮೂಡಿಸಿಕೊಳ್ಳಬೇಕು. ಅದಕ್ಕೆ ಕಾಲ ಬೇಕು.

ಹೊಗೆಯ ಹಾನಿ ಬೇರೆ ಬಗೆಯದು, ಸಾವಕಾಶದ್ದು. ವರ್ಷಗಟ್ಟಲೆ ಬೀಡಿ-ಸಿಗರೇಟು ಸೇದಿದವರ ನಾಳಗಳಲ್ಲಿ ಗೋಬ್ಲೆಟ್ ಕೋಶಗಳು ಹೆಚ್ಚುತ್ತವೆ. ಇರಬಾರದ ಸೂಕ್ಷ್ಮ ಕವಲುಗಳಲ್ಲೂ ಹುಟ್ಟಿಕೊಳ್ಳುತ್ತವೆ. ಲೋಮಾಂಗಗಳು ಮೋಟಾಗುತ್ತವೆ, ಕೆಲವು ಕಡೆ ಕಂಬಕೋಶಗಳು ಹೋಗಿ ಗಂಟಲಿನಲ್ಲಿರುವಂಥ ಚಪ್ಪಟೆ ಕೋಶಗಳು ಬರುತ್ತವೆ. ಅಂಟು ಹೆಚ್ಚಾಯಿತು, ಹೊರುವವರು ಕಡಿಮೆಯಾದರು. ರಾತ್ರಿಯೆಲ್ಲ ನಿಂತ ಕಫವನ್ನು ಬೆಳಿಗ್ಗೆ ಎದ್ದು ಕೆಮ್ಮಿ ಕೆಮ್ಮಿ ತೆಗೆಯಬೇಕಾಗುತ್ತದೆ. ದೀರ್ಘಕಾಲದ ಈ ಶ್ವಾಸಕಾಯಿಲೆ ಸೌದೆ, ಬೆರಣಿ ಉರಿಸಿ ಅಡುಗೆ ಮಾಡಿದ ಹೆಂಗಸರಿಗೂ ಬರುತ್ತದೆ. ಬೀಡಿ ಸೇದುತ್ತೀರಾ ಎಂದು ಕೇಳಿದರೆ ಅವರು ಇಲ್ಲ ಎನ್ನುತ್ತಾರೆ, ನಿಜವೇ ಹೇಳುತ್ತಾರೆ. ಯಾವ ಒಲೆಯ ಮುಂದೆ, ಎಷ್ಟು ವರ್ಷ ಕೂತು ಅಡುಗೆ ಮಾಡಿದಿರಿ ಎಂಬ ಪ್ರಶ್ನೆಯನ್ನೂ ವೈದ್ಯರು ಅವರಿಗೆ ಕೇಳಬೇಕು.