ಟವರಿನ ಸಿಗ್ನಲ್ ಎಷ್ಟು ದೂರ? ನೆಲಕ್ಕೆ ತಕ್ಕ ಸೂತ್ರದ ಆಯ್ಕೆ

ಮೊಬೈಲ್ ಟವರಿನ ಆಂಟೆನಾದಿಂದ ಹೊರಟ ರೇಡಿಯೊ ತರಂಗ ಫೋನನ್ನು ತಲುಪುವಷ್ಟರಲ್ಲಿ ಬಹಳಷ್ಟು ಶಕ್ತಿ ಕಳೆದುಕೊಂಡಿರುತ್ತದೆ. ಈ ನಷ್ಟಕ್ಕೆ ಪಥನಷ್ಟ ಎಂದು ಹೆಸರು; ಅದರ ಅಳತೆ ಡೆಸಿಬೆಲ್. 10 ಡೆಸಿಬೆಲ್ ನಷ್ಟವೆಂದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿದಂತೆ, 20 ಎಂದರೆ ನೂರರಲ್ಲಿ ಒಂದು ಪಾಲಿಗೆ. ಟವರು ಹೊರಹಾಕುವ ಶಕ್ತಿ, ಆಂಟೆನಾದ ಗುಣ ಮತ್ತು ಫೋನು ಗ್ರಹಿಸಬಲ್ಲ ಕನಿಷ್ಠ ಸಿಗ್ನಲ್ ಇವಿಷ್ಟನ್ನು ಲೆಕ್ಕ ಹಾಕಿದರೆ, ಒಟ್ಟು ಎಷ್ಟು ನಷ್ಟವನ್ನು ತಾಳಿಕೊಳ್ಳಬಹುದು ಎಂಬುದು ತಿಳಿಯುತ್ತದೆ. ಪಥನಷ್ಟ ಆ ಮಿತಿಯನ್ನು ಮುಟ್ಟುವ ಜಾಗವೇ ಸೆಲ್‌ನ ಗಡಿ.

ಗಡಿ ಎಲ್ಲಿ ಬೀಳುತ್ತದೆ ಎಂಬುದನ್ನು ಟವರು ನಿಲ್ಲಿಸುವ ಮೊದಲೇ ಅಂದಾಜು ಮಾಡಬೇಕಾಗುತ್ತದೆ. ಪ್ರತಿ ಗೋಡೆ, ಪ್ರತಿ ಮರದ ಲೆಕ್ಕ ಹಿಡಿಯುವುದು ಆಗದ ಮಾತು. ಹಾಗಾಗಿ ಯಾವುದೋ ಒಂದು ಪ್ರದೇಶದಲ್ಲಿ ನಿಜವಾಗಿ ಅಳೆದ ಸಿಗ್ನಲ್‌ಗಳಿಂದ ಕಟ್ಟಿದ ಸೂತ್ರಗಳನ್ನು ಬಳಸುತ್ತಾರೆ. ಇಂಥ ಪ್ರಾಯೋಗಿಕ ಸೂತ್ರವು ತಾನು ಹುಟ್ಟಿದ ನೆಲದ ಗುಣವನ್ನು ಅಂಕಿಗಳಲ್ಲಿ ಹೊತ್ತಿರುತ್ತದೆ. ಆ ನೆಲವನ್ನು ಹೋಲುವ ಕಡೆ ಅದು ಚೆನ್ನಾಗಿಯೇ ನಡೆಯುತ್ತದೆ. ಹೋಲದ ಕಡೆಯೂ ಉತ್ತರವನ್ನಂತೂ ಕೊಡುತ್ತದೆ, ಆದರೆ ಆ ಉತ್ತರ ತಪ್ಪಾಗಿರುತ್ತದೆ.

ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಒಕುಮುರಾ-ಹಾಟಾ ಸೂತ್ರ. ಜಪಾನಿನ ಯೋಶಿಹಿಸಾ ಒಕುಮುರಾ ಮತ್ತು ಸಂಗಡಿಗರು ಟೋಕಿಯೊ ಸುತ್ತಮುತ್ತ ಸಿಗ್ನಲ್ ಅಳೆದು, 1968ರಲ್ಲಿ ಫಲಿತಾಂಶಗಳನ್ನು ರೇಖಾಚಿತ್ರಗಳಾಗಿ ಪ್ರಕಟಿಸಿದರು. 1980ರಲ್ಲಿ ಮಸಹಾರು ಹಾಟಾ ಆ ರೇಖಾಚಿತ್ರಗಳನ್ನು ಲೆಕ್ಕಕ್ಕೆ ಸುಲಭವಾಗುವ ಸೂತ್ರಕ್ಕೆ ಇಳಿಸಿದರು. ಅದರ ಮಿತಿಗಳು ಸ್ಪಷ್ಟವಾಗಿವೆ: ಕಂಪನಾಂಕ 150ರಿಂದ 1500 ಮೆಗಾಹರ್ಟ್ಸ್, ದೂರ 1ರಿಂದ 20 ಕಿಲೋಮೀಟರ್, ಟವರಿನ ಆಂಟೆನಾ 30ರಿಂದ 200 ಮೀಟರ್ ಎತ್ತರದಲ್ಲಿರಬೇಕು, ಫೋನು 1ರಿಂದ 10 ಮೀಟರ್ ಎತ್ತರದಲ್ಲಿರಬೇಕು. ಟವರಿನ ಆಂಟೆನಾ ಸುತ್ತಲಿನ ಛಾವಣಿಗಳಿಗಿಂತ ಮೇಲಿರುತ್ತದೆ ಎಂಬುದೂ ಇದರಲ್ಲಿ ಅಡಗಿದೆ.

ಸೂತ್ರ ಆರಿಸುವಾಗ ಮೊದಲು ನೋಡಬೇಕಾದದ್ದು ಕಂಪನಾಂಕವನ್ನು. 700 ಅಥವಾ 900 ಮೆಗಾಹರ್ಟ್ಸ್ ಸೇವೆಗೆ ಹಾಟಾ ಸೂತ್ರ ಹೊಂದುತ್ತದೆ. 1800 ಮೆಗಾಹರ್ಟ್ಸ್ ಅದರ ಮಿತಿಯಿಂದ ಆಚೆಗಿದೆ. ಅಲ್ಲಿಗೆ ಯುರೋಪಿನ ಕಾಸ್ಟ್-231 ಸಂಶೋಧನಾ ಯೋಜನೆ 1500ರಿಂದ 2000 ಮೆಗಾಹರ್ಟ್ಸ್‌ವರೆಗೆ ವಿಸ್ತರಿಸಿದ ರೂಪವಿದೆ. ಎರಡನೆಯದಾಗಿ ದೂರ ಮತ್ತು ಎತ್ತರ ನೋಡಬೇಕು. ಕಿಕ್ಕಿರಿದ ಪೇಟೆಬೀದಿಯ ಕಂಬದ ಮೇಲೆ, ಛಾವಣಿಗಳಿಗಿಂತ ಕೆಳಗೆ ಕೂರಿಸಿದ ಆಂಟೆನಾದಿಂದ 300 ಮೀಟರ್ ದೂರದ ಸಿಗ್ನಲ್ ತಿಳಿಯಬೇಕಾದರೆ ಈ ಎರಡೂ ಸೂತ್ರಗಳು ಬೇಡ. ಅಲ್ಲಿ ಕಟ್ಟಡಗಳ ಎತ್ತರ, ರಸ್ತೆಯ ಅಗಲ, ರಸ್ತೆ ಸಾಗುವ ದಿಕ್ಕು ಇವುಗಳನ್ನೂ ಗಣಿಸುವ ವಾಲ್ಫಿಶ್-ಇಕೆಗಾಮಿ ಸೂತ್ರ ಮೇಲು. ನಗರ, ಹೊರವಲಯ, ಬಯಲು ಎಂಬ ವಿಂಗಡಣೆಯ ಸರದಿ ಬರುವುದು ಇವೆರಡೂ ಇತ್ಯರ್ಥವಾದ ಮೇಲೆ.

ಒಂದು ಲೆಕ್ಕ ಮಾಡಿ ನೋಡಿದರೆ ಈ ವಿಂಗಡಣೆಯ ತೂಕ ಗೊತ್ತಾಗುತ್ತದೆ. ಆಂಟೆನಾ 30 ಮೀಟರ್ ಎತ್ತರದಲ್ಲಿದೆ, ಫೋನು ನೆಲದಿಂದ ಒಂದೂವರೆ ಮೀಟರ್ ಮೇಲಿದೆ, ಕಂಪನಾಂಕ 900 ಮೆಗಾಹರ್ಟ್ಸ್, ತಾಳಬಹುದಾದ ನಷ್ಟ 140 ಡೆಸಿಬೆಲ್ ಎಂದಿಟ್ಟುಕೊಳ್ಳಬಹುದು. ಮಧ್ಯಮ ಗಾತ್ರದ ನಗರಕ್ಕೆ ಹಾಟಾ ಸೂತ್ರ ಹೀಗಾಗುತ್ತದೆ:

```
L = 126.4 + 35.2 log10(d)
```

ಇಲ್ಲಿ d ಕಿಲೋಮೀಟರ್‌ಗಳಲ್ಲಿರುವ ದೂರ, L ಡೆಸಿಬೆಲ್‌ಗಳಲ್ಲಿರುವ ನಷ್ಟ. ಒಂದು ಕಿಲೋಮೀಟರ್‌ನಲ್ಲಿ ನಷ್ಟ 126.4, ದೂರ ಹತ್ತು ಪಟ್ಟಾದರೆ ಇನ್ನೂ 35.2 ಡೆಸಿಬೆಲ್ ಸೇರುತ್ತದೆ. 140 ಡೆಸಿಬೆಲ್ ಮುಟ್ಟುವುದು ಸುಮಾರು 2.4 ಕಿಲೋಮೀಟರ್‌ನಲ್ಲಿ. ಇದೇ ಟವರು ನಗರದ ಹೊರವಲಯದಲ್ಲಿದ್ದರೆ ಸೂತ್ರ ಸುಮಾರು 10 ಡೆಸಿಬೆಲ್ ರಿಯಾಯಿತಿ ಕೊಡುತ್ತದೆ, ಗಡಿ 4.7 ಕಿಲೋಮೀಟರ್‌ಗೆ ಸರಿಯುತ್ತದೆ. ಮರ, ಮನೆಗಳ ಅಡ್ಡಿಯಿಲ್ಲದ ತೆರೆದ ಬಯಲಿಗೆ ರಿಯಾಯಿತಿ 28.5 ಡೆಸಿಬೆಲ್, ಗಡಿ 15.7 ಕಿಲೋಮೀಟರ್. ಉಪಕರಣ, ಎತ್ತರ, ಶಕ್ತಿ ಯಾವುದೂ ಬದಲಾಗದೆ, ಬರೀ ನೆಲದ ವರ್ಗ ಬದಲಾದದ್ದಕ್ಕೆ ತ್ರಿಜ್ಯ ಆರು ಪಟ್ಟು ಮೀರಿ ಬೆಳೆಯಿತು.

ಕಂಪನಾಂಕದ ಪ್ರಭಾವವೂ ಇಷ್ಟೇ ಗಟ್ಟಿ. ಅದೇ ನಗರದ ಟವರನ್ನು 1800 ಮೆಗಾಹರ್ಟ್ಸ್‌ಗೆ ಬದಲಾಯಿಸಿ ಕಾಸ್ಟ್-231 ಸೂತ್ರ ಹಾಕಿದರೆ ಒಂದು ಕಿಲೋಮೀಟರ್‌ನಲ್ಲಿನ ನಷ್ಟ 136.2 ಡೆಸಿಬೆಲ್‌ಗೆ ಏರಿ, ಗಡಿ ಸುಮಾರು 1.3 ಕಿಲೋಮೀಟರ್‌ಗೆ ಇಳಿಯುತ್ತದೆ. ಬೆಂಗಳೂರಿನಂಥ ಮಹಾನಗರದ ನಡುಭಾಗಕ್ಕೆ ಈ ಸೂತ್ರ ಇನ್ನೂ 3 ಡೆಸಿಬೆಲ್ ಸೇರಿಸಲು ಹೇಳುತ್ತದೆ. ಆಗ ಗಡಿ ಒಂದು ಕಿಲೋಮೀಟರ್‌ನ ಆಸುಪಾಸಿಗೆ, ಅಂದರೆ ಸೂತ್ರದ ಮಿತಿಯ ಅಂಚಿಗೇ ಬಂದು ನಿಲ್ಲುತ್ತದೆ. ಅದಕ್ಕೂ ಒಳಗಿನ ದೂರಗಳಿಗೆ ಇದರ ಉತ್ತರವನ್ನು ನಂಬುವಂತಿಲ್ಲ.

ಈ ದೂರಗಳನ್ನು ಓದುವಾಗ ಒಂದು ಎಚ್ಚರ ಬೇಕು. ಸೂತ್ರ ಹೇಳುವುದು ಮಧ್ಯಾಂಕವನ್ನು. ಆ ದೂರದಲ್ಲಿರುವ ಜಾಗಗಳಲ್ಲಿ ಅರ್ಧದಷ್ಟಕ್ಕೆ ಅದಕ್ಕಿಂತ ಒಳ್ಳೆಯ ಸಿಗ್ನಲ್, ಉಳಿದರ್ಧಕ್ಕೆ ಅದಕ್ಕಿಂತ ಕಳಪೆ ಸಿಗ್ನಲ್ ಸಿಗುತ್ತದೆ. ಕಟ್ಟಡಗಳ ಮರೆಯಿಂದಾಗುವ ಈ ಏರಿಳಿತದ ಪ್ರಮಾಣಿತ ವಿಚಲನೆ 8 ಡೆಸಿಬೆಲ್ ಇದ್ದರೆ, ಗಡಿಯಲ್ಲಿರುವ ನೂರಕ್ಕೆ ತೊಂಬತ್ತು ಜಾಗಗಳಿಗೆ ಸಿಗ್ನಲ್ ಖಾತ್ರಿಪಡಿಸಲು ಸುಮಾರು 10 ಡೆಸಿಬೆಲ್ ಮೀಸಲಿಡಬೇಕು. 140ರಲ್ಲಿ ಈ 10 ಕಳೆದರೆ 900 ಮೆಗಾಹರ್ಟ್ಸ್‌ನ ನಗರದ ಗಡಿ 2.4ರಿಂದ 1.3 ಕಿಲೋಮೀಟರ್‌ಗೆ ಕುಗ್ಗುತ್ತದೆ. ಮನೆಯೊಳಗೆ ಕೂತು ಮಾತಾಡುವವರಿಗಾಗಿ ಗೋಡೆಗಳ ನಷ್ಟವನ್ನು ಬೇರೆಯಾಗಿಯೇ ಕಳೆಯಬೇಕು.

ಹೆಚ್ಚಿನ ತಪ್ಪುಗಳಾಗುವುದು ‘ಗ್ರಾಮೀಣ’ ಎಂಬ ಹಣೆಪಟ್ಟಿಯಲ್ಲಿ. ಚಿತ್ರದುರ್ಗ, ಬಳ್ಳಾರಿ ಕಡೆಯ ಬಯಲುಸೀಮೆಯ ಹೊಲಗಳೂ ಗ್ರಾಮೀಣವೇ, ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳೂ ಗ್ರಾಮೀಣವೇ. ಹಾಟಾ ಸೂತ್ರದ ಬಯಲು ರೂಪ ಮೊದಲನೆಯದಕ್ಕೆ ಸಮೀಪ. ಎರಡನೆಯದಕ್ಕೆ ಹಾಕಿದರೆ ಮೋಸ. ಒಕುಮುರಾ ಅವರ ಮೂಲ ರೇಖಾಚಿತ್ರಗಳಲ್ಲಿ ಗುಡ್ಡದ ಏರಿಳಿತ, ಒಂಟಿ ದಿಬ್ಬ, ಇಳಿಜಾರು ಇವುಗಳಿಗೆಲ್ಲ ಪ್ರತ್ಯೇಕ ತಿದ್ದುಪಡಿಗಳಿದ್ದವು. ಹಾಟಾ ಸೂತ್ರಕ್ಕೆ ಇಳಿಸಿದ್ದು ಹೆಚ್ಚುಕಡಿಮೆ ಸಮತಟ್ಟಾದ ನೆಲದ ಭಾಗವನ್ನು ಮಾತ್ರ. ಸೂತ್ರವೊಂದನ್ನೇ ನೆಚ್ಚಿದವರಿಗೆ ಆ ತಿದ್ದುಪಡಿಗಳು ಕಣ್ಣಿಗೇ ಬೀಳುವುದಿಲ್ಲ.

ಗುಡ್ಡ ಮತ್ತು ಮರಗಳನ್ನು ನೇರವಾಗಿ ಗಣಿಸುವ ಸೂತ್ರ ಅಮೆರಿಕದಿಂದ ಬಂದಿದೆ. ಅಲ್ಲಿನ 95 ಸೆಲ್‌ಗಳಲ್ಲಿ 1900 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅಳೆದ ಸಿಗ್ನಲ್‌ಗಳನ್ನು ಆಧರಿಸಿ ವಿಂಕೊ ಎರ್ಸೆಗ್ ಮತ್ತು ಸಂಗಡಿಗರು 1999ರಲ್ಲಿ ಇದನ್ನು ಪ್ರಕಟಿಸಿದರು. ನೆಲವನ್ನು ಇದು ಮೂರು ವರ್ಗ ಮಾಡುತ್ತದೆ: ಗುಡ್ಡಗಾಡಾಗಿದ್ದು ಮರಗಳು ದಟ್ಟವಾಗಿರುವ ‘ಎ’, ಸಮತಟ್ಟಾಗಿದ್ದು ಮರಗಳು ವಿರಳವಾಗಿರುವ ‘ಸಿ’, ಇವೆರಡರ ನಡುವಿನ ‘ಬಿ’. ಆಂಟೆನಾ 30 ಮೀಟರ್ ಎತ್ತರದಲ್ಲಿ, ಫೋನು 2 ಮೀಟರ್ ಎತ್ತರದಲ್ಲಿದ್ದು ನಷ್ಟದ ಮಿತಿ 140 ಡೆಸಿಬೆಲ್ ಆದರೆ, ‘ಸಿ’ ನೆಲದಲ್ಲಿ ಗಡಿ ಸುಮಾರು 3.2 ಕಿಲೋಮೀಟರ್, ‘ಎ’ ನೆಲದಲ್ಲಿ 2 ಕಿಲೋಮೀಟರ್. ಹಾಟಾ ಬಯಲು ರೂಪದ ರಿಯಾಯಿತಿಯನ್ನು ಕಾಸ್ಟ್-231ರ ಮೇಲೆ ಹೊರಿಸಿ 1800 ಮೆಗಾಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಬರುವುದು 10 ಕಿಲೋಮೀಟರ್. ಮಲೆನಾಡಿಗೆ ಈ 10ನ್ನು ನಂಬಿ ಟವರುಗಳನ್ನು ದೂರ ದೂರ ನಿಲ್ಲಿಸಿದರೆ ನಡುವಿನ ಕಣಿವೆಗಳು ಸಿಗ್ನಲ್ ಇಲ್ಲದೆ ಉಳಿಯುತ್ತವೆ. ಎರ್ಸೆಗ್ ಸೂತ್ರಕ್ಕೂ ಮಿತಿಯಿದೆ: ಅದು ಸುಮಾರು 8 ಕಿಲೋಮೀಟರ್ ಒಳಗಿನ ದೂರಕ್ಕೆ ಕಟ್ಟಿದ್ದು, ಮತ್ತು ಅಳತೆಗಳು ನಡೆದದ್ದು ಮುಖ್ಯವಾಗಿ ಅಲ್ಲಿನ ನಗರಗಳ ಹೊರವಲಯಗಳಲ್ಲಿ.

5ಜಿಯ 3500 ಮೆಗಾಹರ್ಟ್ಸ್‌ಗೆ ಹಾಟಾ, ಕಾಸ್ಟ್-231 ಎರಡನ್ನೂ ಬದಿಗಿಡಬೇಕು. ಮೊಬೈಲ್ ಮಾನದಂಡಗಳನ್ನು ರೂಪಿಸುವ 3ಜಿಪಿಪಿ ಒಕ್ಕೂಟದ `TR 38.901` ವರದಿಯಲ್ಲಿ ಇದಕ್ಕೆ ಬೇರೆ ಸೂತ್ರಗಳಿವೆ: ನಗರದ ಎತ್ತರದ ಟವರಿಗೆ `UMa`, ಬೀದಿಮಟ್ಟದ ಆಂಟೆನಾಗೆ `UMi`, ಗ್ರಾಮೀಣ ಪ್ರದೇಶಕ್ಕೆ `RMa`. ಟವರು ಕಣ್ಣಿಗೆ ನೇರ ಕಾಣುವ ಜಾಗಕ್ಕೆ ಒಂದು, ಕಾಣದ ಜಾಗಕ್ಕೆ ಇನ್ನೊಂದು ಲೆಕ್ಕ ಇವುಗಳಲ್ಲಿದೆ. ಟವರು ಕಾಣದ ನಗರದ ಜಾಗಕ್ಕೆ `UMa` ಹಾಕಿದರೆ 140 ಡೆಸಿಬೆಲ್ ನಷ್ಟ ಸುಮಾರು 900 ಮೀಟರ್‌ಗೇ ಮುಟ್ಟುತ್ತದೆ.

ಆಯ್ಕೆ ಸರಿಯಾಯಿತೇ ಎಂಬುದನ್ನು ಹೇಳಬಲ್ಲದ್ದು ಡ್ರೈವ್ ಟೆಸ್ಟ್. ವಾಹನದಲ್ಲಿ ಉಪಕರಣ ಇಟ್ಟುಕೊಂಡು ರಸ್ತೆಗಳಲ್ಲಿ ಸುತ್ತಿ ಸಿಗ್ನಲ್ ಅಳೆಯುತ್ತಾರೆ. ಸಿಗ್ನಲ್ ಅರ್ಧ ಹೆಜ್ಜೆಗೇ ಏರಿಳಿಯುವುದರಿಂದ ಸುಮಾರು 40 ತರಂಗದೂರಗಳಷ್ಟು ಹಾದಿಯ ಸರಾಸರಿ ತೆಗೆಯುತ್ತಾರೆ. 900 ಮೆಗಾಹರ್ಟ್ಸ್‌ಗೆ ಇದು 13 ಮೀಟರ್. ಪ್ರತಿ ಬಿಂದುವಿನಲ್ಲೂ ಅಳೆದ ನಷ್ಟದಿಂದ ಸೂತ್ರದ ನಷ್ಟವನ್ನು ಕಳೆದು, ಉಳಿದ ವ್ಯತ್ಯಾಸವನ್ನು ದೂರದ ಎದುರು ಗುರುತು ಹಾಕಿದರೆ ತಪ್ಪಿನ ಬೇರು ಕಾಣುತ್ತದೆ.

ವ್ಯತ್ಯಾಸ ಎಲ್ಲ ದೂರಗಳಲ್ಲೂ ಒಂದೇ ಸಮನಾಗಿದ್ದರೆ, ಉದಾಹರಣೆಗೆ ಎಲ್ಲೆಡೆ 8 ಡೆಸಿಬೆಲ್ ಹೆಚ್ಚಾಗಿದ್ದರೆ, ನೆಲದ ವರ್ಗ ತಪ್ಪಾಗಿದೆ ಎಂದರ್ಥ. ಹೊರವಲಯವೆಂದು ಬರೆದುಕೊಂಡ ಬಡಾವಣೆ ಅಷ್ಟರಲ್ಲಿ ನಗರವೇ ಆಗಿರಬಹುದು. ಸೂತ್ರದ ಮೊದಲ ಅಂಕಿ ತಿದ್ದಿದರೆ ಸಾಕು. ದೂರ ಹೋದಂತೆ ವ್ಯತ್ಯಾಸವೂ ಬೆಳೆಯುತ್ತಿದ್ದರೆ ದೂರದ ಗುಣಕವನ್ನು ತಿದ್ದಬೇಕು. ಒಂದು ಗುಡ್ಡದ ಹಿಂದೆ ಮಾತ್ರ 20 ಡೆಸಿಬೆಲ್ ಹೆಚ್ಚಿದ್ದು ಉಳಿದೆಡೆ ಲೆಕ್ಕ ಸರಿಯಿದ್ದರೆ ಸೂತ್ರವನ್ನು ಮುಟ್ಟಬಾರದು. ಆ ನಷ್ಟ ಗುಡ್ಡದ ಮರೆಯದು. ಭೂಎತ್ತರದ ನಕ್ಷೆ ಇಟ್ಟುಕೊಂಡು ತರಂಗ ಗುಡ್ಡದ ನೆತ್ತಿಯ ಮೇಲೆ ಬಾಗಿ ಬರುವ ಲೆಕ್ಕವನ್ನು ಪ್ರತ್ಯೇಕವಾಗಿ ಸೇರಿಸಬೇಕು. ಅದನ್ನು ಸರಾಸರಿಯಲ್ಲಿ ಬೆರೆಸಿ ಸೂತ್ರ ತಿದ್ದಿದರೆ ಗುಡ್ಡದ ಹಿಂದಿನ ಲೆಕ್ಕವೂ ಸರಿಯಾಗದು, ಸರಿಯಿದ್ದ ಬಯಲಿನ ಲೆಕ್ಕವೂ ಕೆಡುತ್ತದೆ.

ತಿದ್ದಿದ ಮೇಲೆ ವ್ಯತ್ಯಾಸಗಳ ಸರಾಸರಿ ಸೊನ್ನೆಯ ಹತ್ತಿರ ಬಂದು, ಪ್ರಮಾಣಿತ ವಿಚಲನೆ 8 ಡೆಸಿಬೆಲ್ ಆಸುಪಾಸಿನಲ್ಲಿ ನಿಂತರೆ ಪ್ರಾಯೋಗಿಕ ಸೂತ್ರದಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ತಿದ್ದಲು ಬಳಸಿದ ರಸ್ತೆಗಳನ್ನು ಬಿಟ್ಟು ಬೇರೆ ರಸ್ತೆಗಳ ಅಳತೆಯಲ್ಲೂ ಇದೇ ಫಲ ಬರಬೇಕು. ಹೀಗೆ ಪಳಗಿಸಿದ ಸೂತ್ರ ಅದೇ ಬಗೆಯ ನೆಲಕ್ಕೆ, ಅದೇ ಕಂಪನಾಂಕಕ್ಕೆ ಸಲ್ಲುತ್ತದೆ. ಕಂಪನಾಂಕ ಬದಲಾದರೂ, ಬಡಾವಣೆಯಲ್ಲಿ ಬಹುಮಹಡಿ ಕಟ್ಟಡಗಳು ಎದ್ದರೂ ಮತ್ತೆ ಅಳೆದು ತಿದ್ದಬೇಕಾಗುತ್ತದೆ.