ಎಳೆದು ಬಿಟ್ಟ ತಂತಿ, ಹೊಡೆದ ತಂತಿ

ಎರಡೂ ಕಡೆ ಕೊನೆಯೇ ಇಲ್ಲದ ಒಂದು ಬಿಗಿ ತಂತಿಯನ್ನು ಊಹಿಸಿಕೊಳ್ಳಿ. ಅದರ ಆರಂಭದ ಆಕಾರ f, ಆರಂಭದ ವೇಗ g ಎರಡೂ ಗೊತ್ತಿದ್ದರೆ ಮುಂದಿನ ಯಾವ ಕ್ಷಣದಲ್ಲಾದರೂ ಅದು ಹೇಗಿರುತ್ತದೆಂದು ಹೇಳಬಹುದು. ಫ್ರಾನ್ಸಿನ ಡಾಲೆಂಬರ್ 1747ರಲ್ಲಿ ಇದಕ್ಕೆ ದಾರಿ ತೋರಿಸಿದರು. ತಂತಿಯ ಚಲನೆ ಎಂದರೆ ರೂಪ ಕೆಡದೆ c ವೇಗದಲ್ಲಿ ಸಾಗುವ ಎರಡು ಅಲೆಗಳ ಮೊತ್ತ. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ.

u(x,t) = ½[f(x−ct) + f(x+ct)] + (1/2c)∫g(s)ds, s = x−ct ಇಂದ x+ct ವರೆಗೆ

c ಸೆಕೆಂಡಿಗೆ 100 ಮೀಟರ್ ಇರಲಿ. 20 ಸೆಂ.ಮೀ. ಅಗಲ, 1 ಸೆಂ.ಮೀ. ಎತ್ತರದ ತ್ರಿಕೋನವಾಗಿ ತಂತಿಯನ್ನು ಎಳೆದು, ಮೆಲ್ಲನೆ ಬಿಡಿ. ಇಲ್ಲಿ g ಸೊನ್ನೆ. ತ್ರಿಕೋನ ಅರ್ಧರ್ಧ ಎತ್ತರದ ಎರಡು ತ್ರಿಕೋನಗಳಾಗಿ ಒಡೆಯುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅವು ಪೂರ್ತಿ ಬೇರ್ಪಟ್ಟು, ನಡುವಿನ ತಂತಿ ಮೊದಲಿನ ಮಟ್ಟಕ್ಕೆ ಮರಳಿ ನಿಂತುಬಿಡುತ್ತದೆ.

ಹೊಡೆದ ತಂತಿಯ ಕಥೆ ಬೇರೆ, ನನಗೆ ಹೆಚ್ಚು ಬೆರಗು ತರುವುದೂ ಅದೇ. ನೇರವಾಗಿರುವ ತಂತಿಯ 20 ಸೆಂ.ಮೀ. ಭಾಗಕ್ಕೆ ಮಾತ್ರ ಸೆಕೆಂಡಿಗೆ 2 ಮೀಟರ್ ಮೇಲ್ಮುಖ ವೇಗ ಕೊಡಿ. ವೇಗವನ್ನು ಅಗಲದಿಂದ ಗುಣಿಸಿದರೆ 0.4, ಅದನ್ನು 2c, ಅಂದರೆ 200ರಿಂದ ಭಾಗಿಸಿದರೆ 0.002 ಮೀಟರ್. ನಡುಭಾಗ 2 ಮಿ.ಮೀ. ಮೇಲೇರಿ ಅಲ್ಲಿಯೇ ಉಳಿಯುತ್ತದೆ, ಮರಳುವುದೇ ಇಲ್ಲ. ಆ ಎತ್ತರದ ಪಟ್ಟಿ ಎರಡೂ ಬದಿಗೆ ಬೆಳೆಯುತ್ತಾ ಹೋಗುತ್ತದೆ.

ವೀಣೆಯ ತಂತಿ ಹೀಗೆ ಮೇಲೆಯೇ ಉಳಿಯದಿರುವುದಕ್ಕೆ ಕಾರಣ ಅದರ ಕಟ್ಟಿದ ತುದಿಗಳು: ಅಲ್ಲಿಗೆ ತಲುಪಿದ ಅಲೆ ತಲೆಕೆಳಗಾಗಿ ಹಿಂದಿರುಗುತ್ತದೆ.